ಬಗಲಲ್ಲಿ ಕೂಸಿದ್ದಾಗ ನಾಮಕರಣಕ್ಕೆ ಇಂಥ ಸೀರೆ, ಇಂಥ ಬ್ಲೌಸ್ ಬೇಡ

ಕಳೆದ ವೈಶಾಖದಲ್ಲಿ ದಾವಣಗೆರೆಯಲ್ಲಿ ನಮ್ಮ ಚಿಕ್ಕಮ್ಮನ ಮಗಳ ಕೂಸಿನ ನಾಮಕರಣವಿತ್ತು. ಅಂದು ನಾನು ಉಟ್ಟುಕೊಂಡು ಹೋದ ಉಡುಪಿನಿಂದ ನನ್ನ ಮಗನ ಕೆನ್ನೆ ಗೀರಿತು, ತೊಡೆಗೆ ಪಿನ್ನು ಚುಚ್ಚಿತು, ಬ್ಲೌಸಿನಿಂದ ಕಿತ್ತ ಮಣಿಯೊಂದನ್ನು ಅವನು ಬಾಯಿಗೆ ಹಾಕಿಕೊಳ್ಳುವುದರಲ್ಲಿದ್ದ. ಆಗ ಅವನಿಗೆ ಒಂದು ವರ್ಷ ನಾಲ್ಕು ತಿಂಗಳು, ತೂಕ ಹತ್ತೂವರೆ ಕಿಲೋ. ಆ ವಯಸ್ಸಿನ ಮಗು ಹೊಸ ಮುಖಗಳನ್ನು ಕಂಡರೆ ತಾಯಿಯ ಬಗಲು ಬಿಟ್ಟು ಇಳಿಯುವುದಿಲ್ಲವೆಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬರಿಗೈಯಲ್ಲಿ ಹೋಗುವವಳಂತೆ ಸಿಂಗರಿಸಿಕೊಂಡು ಹೋದದ್ದು ನನ್ನ ತಪ್ಪು.

ಅಂದು ನಾನು ಉಟ್ಟಿದ್ದು ಆರ್ಗಾಂಜಾ ಸೀರೆ. ಸೆರಗನ್ನು ನೆರಿಗೆ ಮಾಡದೆ ಒಂಟಿ ಪದರವಾಗಿ ಇಳಿಬಿಟ್ಟು, ಎಡಭುಜದ ಮೇಲೆ ಒಂದು ಪಿನ್ನು, ಸೊಂಟದ ನೆರಿಗೆಗೆ ಇನ್ನೊಂದು ಪಿನ್ನು ಹಾಕಿದ್ದೆ. ಬ್ಲೌಸಿನ ತೋಳಿನ ತುಂಬ ಕಲ್ಲು, ಮಣಿ, ಜರಿತಂತಿಯ ಆರಿ ವರ್ಕ್ ಇತ್ತು. ಕನ್ನಡಿಯ ಮುಂದೆ ನಿಂತಾಗ ಯಾವ ಕೊರತೆಯೂ ಕಾಣಲಿಲ್ಲ, ಏಕೆಂದರೆ ಆಗ ಮಗು ಅವನ ಅಜ್ಜಿಯ ಬಳಿ ಇದ್ದ.

ಮಗುವನ್ನು ಎತ್ತಿಕೊಂಡಾಗ ಸೀರೆಗೆ ಏನಾಗುತ್ತದೆ ಎಂಬುದನ್ನು ನಾನು ಆ ದಿನ ಕಲಿತೆ. ಅರಿಶಿನ ಕುಂಕುಮ, ತಾಂಬೂಲ, ಫಲ ಇವನ್ನೆಲ್ಲ ಬಲಗೈಯಲ್ಲೇ ತೆಗೆದುಕೊಳ್ಳಬೇಕಾದ್ದರಿಂದ ಮಗು ಎಡಗಡೆಯ ಸೊಂಟದ ಮೇಲೆಯೇ ಕೂರಬೇಕು. ಸೆರಗು ಇಳಿಯುವುದೂ ಎಡಭುಜದ ಹಿಂದೆಯೇ. ಹೀಗಾಗಿ ಮಗುವಿನ ಹಿಂದಿನ ಕಾಲು ಸೆರಗಿನ ಮೇಲೆ ಬೀಳುತ್ತದೆ, ಮುಂದಿನ ಕಾಲು ಸೊಂಟದ ನೆರಿಗೆಯನ್ನು ಒತ್ತುತ್ತದೆ, ತಲೆ ಭುಜದ ಪಿನ್ನಿಗೆ ಮತ್ತು ತೋಳಿನ ಕೆಲಸಕ್ಕೆ ಒರಗುತ್ತದೆ. ಮಗು ಪ್ರತಿ ಐದು ನಿಮಿಷಕ್ಕೆ ಸ್ವಲ್ಪ ಜಾರುತ್ತದೆ, ನಾವು ಎತ್ತಿ ಸರಿಮಾಡಿಕೊಳ್ಳುತ್ತೇವೆ. ಹಾಗೆ ಸರಿಮಾಡಿದಾಗಲೆಲ್ಲ ಬಟ್ಟೆ ಒಂದಿಷ್ಟು ಎಳೆದುಕೊಳ್ಳುತ್ತದೆ.

ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಿದ ಮೇಲೆ ನಾವೆಲ್ಲ ತೊಟ್ಟಿಲು ತೂಗಲು ಹೋದೆವು. ನಾನು ತೊಟ್ಟಿಲಿಗೆ ಬಾಗಿದ ಕೂಡಲೇ, ಮಗನ ಕಾಲಡಿ ಸಿಕ್ಕಿದ್ದ ಸೆರಗು ಭುಜವನ್ನು ಹಿಂದಕ್ಕೆಳೆದು ಪಿನ್ನಿನ ಬಳಿ ನಾಲ್ಕು ಬೆರಳಗಲ ಹರಿಯಿತು. ಆರ್ಗಾಂಜಾ ಬಟ್ಟೆ ತೆಳು ಮತ್ತು ಬಿರುಸು. ಎಳೆತಕ್ಕೆ ಅದು ಹಿಗ್ಗುವುದಿಲ್ಲ, ಪಿನ್ನು ಕೊರೆದ ತೂತಿನಿಂದಲೇ ಹರಿಯುತ್ತದೆ. ಬಟ್ಟೆ ಹೋದರೆ ಹೋಗಲಿ ಎನ್ನಬಹುದಿತ್ತು, ಆದರೆ ಅದೇ ಎಳೆತಕ್ಕೆ ಸೊಂಟದ ಪಿನ್ನು ಬಾಯಿ ತೆರೆದು ಮಗುವಿನ ಒಳತೊಡೆಗೆ ಚುಚ್ಚಿತು. ಅವನು ಚೀರಿ ನನ್ನ ತೋಳಿಗೆ ಮುಖ ಒತ್ತಿ ಉಜ್ಜಿದ, ಕಲ್ಲಿನ ಅಂಚಿಗೆ ಕೆನ್ನೆ ಗೀರಿತು. ಜೋಗುಳ ಹಾಡುತ್ತಿದ್ದವರು ಹಾಡು ನಿಲ್ಲಿಸಿ ಅವನನ್ನು ನನ್ನಿಂದ ತೆಗೆದುಕೊಂಡಾಗ ಅವನ ಮುಷ್ಟಿಯಲ್ಲಿ ಎರಡು ಮಣಿಗಳಿದ್ದವು, ಮೂರನೆಯದನ್ನು ಬಾಯಿಯ ಹತ್ತಿರ ಒಯ್ದಿದ್ದ. ಗಂಟಲಿಗೆ ಸಿಕ್ಕಿದ್ದರೆ ಏನಾಗುತ್ತಿತ್ತು ಎಂಬುದನ್ನು ನೆನೆಯಲು ಇಂದಿಗೂ ನನಗೆ ಧೈರ್ಯವಿಲ್ಲ.

ಬ್ಲೌಸಿನ ವಿಷಯದಲ್ಲಿ ಮಾತ್ರ ರಾಜಿ ಬೇಡವೆಂದು ಕೇಳಿಕೊಳ್ಳುತ್ತೇನೆ. ಆರಿ ವರ್ಕಿನಲ್ಲಿ ಮಣಿಗಳನ್ನು ಉದ್ದಕ್ಕೂ ಒಂದೇ ದಾರದಲ್ಲಿ ಸರಪಳಿ ಹೊಲಿಗೆಯಾಗಿ ಹಿಡಿದಿರುತ್ತಾರೆ. ಆ ದಾರ ಒಂದು ಕಡೆ ತುಂಡಾದರೆ ಸಾಲಾಗಿ ಮಣಿಗಳು ಬಿಚ್ಚಿಕೊಳ್ಳುತ್ತವೆ, ಮಕ್ಕಳ ಬೆರಳಿಗೆ ಸಿಗುವುದು ಇದೇ ತುದಿ. ಒಳಗೆ ಎಷ್ಟು ಒಳ್ಳೆಯ ಲೈನಿಂಗ್ ಕೊಟ್ಟರೂ ಅದು ಕಾಪಾಡುವುದು ನಮ್ಮ ಮೈಯನ್ನು, ಮಗುವಿನ ಮೈಯನ್ನಲ್ಲ. ಬ್ಲೌಸ್ ಕೊಳ್ಳುವಾಗ ಅಥವಾ ಹೊಲಿಸುವಾಗ ಅದರ ತೋಳನ್ನು ನಿಮ್ಮ ಕೆನ್ನೆಗೆ ಹತ್ತು ಸಲ ಉಜ್ಜಿ ನೋಡಿ. ನಿಮಗೆ ಉರಿದರೆ ಮಗುವಿಗೆ ಗಾಯವಾಗುತ್ತದೆ. ಕೆಲಸ ಬೇಕೇ ಬೇಕೆಂದಿದ್ದರೆ ಬೆನ್ನಿನ ನಡುವೆ ಮಾಡಿಸಿಕೊಳ್ಳಬಹುದು. ತೋಳಿಗೆ ದಾರದ ಕಸೂತಿ ಸಾಕು.

ಹರಿದ ಸೆರಗನ್ನು ಹಿಡಿದು ಮೂಲೆಯಲ್ಲಿ ಕೂತಿದ್ದ ನನ್ನನ್ನು ನೋಡಿ, ಇಲಕಲ್ ಸೀರೆ ಉಟ್ಟಿದ್ದ ಅಜ್ಜಿಯೊಬ್ಬರು, "ಸೆರಗು ಹಿಂದಕ್ಕೆ ಬಿಟ್ರೆ ಕೂಸು ಅದ್ರ ಮ್ಯಾಲೆ ಕುಂತ್ಕಂತತಿ ಕಣವ್ವ, ಮುಂದಕ್ಕೆ ತಂದು ಸಿಗಿಸ್ಕ" ಎಂದರು. ಅವರು ಹೇಳಿದ ಆ ಒಂದು ಮಾತನ್ನು ಆಧರಿಸಿಯೇ ನಾನು ಮುಂದಿನ ನಾಮಕರಣಕ್ಕೆ ಸಿದ್ಧಳಾದೆ.

ಅದು ಕಾರ್ತಿಕದಲ್ಲಿ, ಚಿತ್ರದುರ್ಗದ ನಮ್ಮ ಯಜಮಾನರ ಸಂಬಂಧಿಕರ ಮನೆಯಲ್ಲಿತ್ತು. ಮೊಳಕಾಲ್ಮೂರು ರೇಷ್ಮೆ ಉಡುವ ಆಸೆ ಇದ್ದರೂ ಅದರ ಜರಿಯಂಚು ಮಗುವಿನ ಮೊಣಕಾಲಿಗೆ ಒರಟಾಗುತ್ತದೆಂದು ಬಿಟ್ಟು, ನಾಲ್ಕಾರು ಸಲ ಒಗೆದು ಮೆತ್ತಗಾದ ಇಲಕಲ್ ಸೀರೆಯನ್ನು ಆರಿಸಿಕೊಂಡೆ. ಹತ್ತಿಯ ಮೈಯಾದ್ದರಿಂದ ಅದು ಜಾರುವುದಿಲ್ಲ, ಮಗುವೂ ಅದರ ಮೇಲೆ ಜಾರುವುದಿಲ್ಲ. ಸೊಂಟದ ನೆರಿಗೆಗೆ ಪಿನ್ನು ಹಾಕಲೇ ಇಲ್ಲ. ಒಳಲಂಗದ ಲಾಡಿಯನ್ನು ಬಿಗಿಯಾಗಿ ಕಟ್ಟಿ, ನೆರಿಗೆಯನ್ನು ಅಂಗೈಯಷ್ಟು ಆಳಕ್ಕೆ ಸಿಕ್ಕಿಸಿದೆ. ಸೆರಗನ್ನು ಕಿರಿದಾಗಿ ಮಡಿಸಿ, ಭುಜದ ಏಣಿನಿಂದ ಎರಡು ಬೆರಳು ಹಿಂದಕ್ಕೆ, ಪಿನ್ನಿನ ಬದಲು ಸೂಜಿದಾರದಿಂದ ನಾಲ್ಕು ಕೈಹೊಲಿಗೆ ಹಾಕಿ ಬ್ಲೌಸಿಗೆ ಹಿಡಿಸಿದೆ. ಮನೆಗೆ ಬಂದ ಮೇಲೆ ಆ ದಾರ ಕತ್ತರಿಸಲು ಅರ್ಧ ನಿಮಿಷ ಸಾಕಾಯಿತು. ಉಳಿದ ಸೆರಗನ್ನು ಬೆನ್ನ ಹಿಂದಿನಿಂದ ಬಲಗಡೆಗೆ ಸುತ್ತಿ ತಂದು ಮುಂದಿನ ಸೊಂಟಕ್ಕೆ ಸಿಕ್ಕಿಸಿದೆ. ಎಡಗಡೆಯ ಹಿಂಭಾಗದಲ್ಲಿ ತೂಗುವ ಬಟ್ಟೆಯೇ ಇಲ್ಲದ್ದರಿಂದ ಮಗು ಕೂರುವ ಜಾಗ ಖಾಲಿಯಾಯಿತು. ಉಡಿ ತುಂಬುವಾಗ ಸಿಕ್ಕಿಸಿದ ತುದಿಯನ್ನು ಬಿಚ್ಚಿ ಮುಂದೆ ಒಡ್ಡಿದೆ. ಪಿನ್ನು ಹಾಕಿದ ಉದ್ದ ಸೆರಗಿಗಿಂತ ಇದು ಸಲೀಸೆಂದು ಅಲ್ಲಿದ್ದ ಇಬ್ಬರು ಕೇಳಿ ತಿಳಿದುಕೊಂಡರು. ಆದರೆ ಇದಕ್ಕೆ ಸೆರಗು ಉದ್ದವಾಗಿರಬೇಕು. ದಪ್ಪ ರೇಷ್ಮೆಯಲ್ಲಿ ಇದು ಉಬ್ಬಿ ನಿಲ್ಲುತ್ತದೆ.

ಚಪ್ಪಲಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ದಾವಣಗೆರೆಯಲ್ಲಿ ನಾನು ಎರಡಂಗುಲ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಸೀರೆಯ ಉದ್ದ ಹೊಂದಿಸಿದ್ದೆ. ಸಭಾಂಗಣದ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಕೂಡಲೇ ಅದೇ ಎರಡಂಗುಲ ಸೀರೆ ನೆಲಕ್ಕೆ ಬಿತ್ತು. ಬಗಲಲ್ಲಿ ಮಗುವಿದ್ದರೆ ನಮ್ಮ ಪಾದ ನಮಗೆ ಕಾಣುವುದಿಲ್ಲ. ವೇದಿಕೆಯ ಮೆಟ್ಟಿಲಲ್ಲಿ ನೆರಿಗೆ ತುಳಿದು ನಾನು ಮುಗ್ಗರಿಸಿದ್ದು ಇದರಿಂದಲೇ, ಪಕ್ಕದಲ್ಲಿದ್ದವರು ತೋಳು ಹಿಡಿಯದಿದ್ದರೆ ಇಬ್ಬರೂ ಬೀಳುತ್ತಿದ್ದೆವು. ಸೀರೆಯನ್ನು ಬರಿಗಾಲಲ್ಲಿ ನಿಂತೇ ಉಟ್ಟು, ಅಂಚು ನೆಲದಿಂದ ಎರಡು ಬೆರಳು ಮೇಲಿರುವಂತೆ ನೋಡಿಕೊಳ್ಳಿ.

ಹಿಂದಿನ ದಿನವೇ ಪೂರ್ತಿ ಉಟ್ಟು, ಮಗುವನ್ನು ಎತ್ತಿಕೊಂಡು ಕಾಲು ಗಂಟೆ ಮನೆಯಲ್ಲಿ ಓಡಾಡಿ. ನೆಲದ ಮೇಲೆ ಕೂತು ಏಳಿ, ಮಂಚದ ಮೇಲೆ ದಿಂಬೊಂದನ್ನು ಇಟ್ಟು ತೊಟ್ಟಿಲಿಗೆ ಬಾಗುವಂತೆ ಬಾಗಿ, ಮೆಟ್ಟಿಲು ಹತ್ತಿ ಇಳಿಯಿರಿ. ಮುಂದಿನ ನೆರಿಗೆ ಒಂದಂಗುಲ ಕೆಳಗಿಳಿದಿದ್ದರೆ ಲಾಡಿ ಸಡಿಲವಾಗಿದೆ ಎಂದರ್ಥ, ಭುಜದ ಬಳಿ ಬಟ್ಟೆ ಬಿಗಿದು ಗೆರೆ ಮೂಡಿದ್ದರೆ ಸೆರಗು ಮಗುವಿನ ಕಾಲಡಿ ಸಿಗುತ್ತಿದೆ ಎಂದರ್ಥ. ಹೀಗೆ ಪರೀಕ್ಷಿಸಿದಾಗ ನನ್ನ ಲಾಡಿಯೇ ಸಡಿಲವೆಂದು ತಿಳಿಯಿತು. ನುಣುಪು ಬಟ್ಟೆಯ ಒಳಲಂಗವನ್ನು ತೆಗೆದಿಟ್ಟು ಹತ್ತಿಯದನ್ನು ಉಟ್ಟ ಮೇಲೆ ಚಿತ್ರದುರ್ಗದಲ್ಲಿ ನೆರಿಗೆ ಸಂಜೆಯವರೆಗೂ ಕದಲಲಿಲ್ಲ.