ಟೆಲಿಗ್ರಾಂಗೆ ಹೋದ ನಮ್ಮ ಪೋಷಕರ ಗ್ರೂಪ್: ನನ್ನ ಫೋಟೋ ಹಾಕಿಕೊಂಡು ಯಾರೋ ಪ್ರವಾಸದ ದುಡ್ಡು ವಸೂಲಿ ಮಾಡಿದರು

"ಅಣ್ಣ, ಇಬ್ಬರದೂ ದುಡ್ಡು ಹಾಕಿದ್ದೀನಿ. ರಸೀದಿ ಕೊಟ್ಬಿಡಿ, ಸೋಮವಾರ ಮತ್ತೆ ಈ ಕಡೆ ಬರೋಕಾಗಲ್ಲ."

ಶನಿವಾರ ಸಂಜೆ ನಾಲ್ಕರ ಹೊತ್ತಿಗೆ ಒಬ್ಬರು ತಾಯಿ ನನ್ನ ಝೆರಾಕ್ಸ್ ಅಂಗಡಿಗೆ ಬಂದು ಹೀಗೆ ಕೇಳಿದರು. ಯಾವ ದುಡ್ಡಮ್ಮ ಅಂದೆ. ಚಿತ್ರದುರ್ಗದ ಪ್ರವಾಸದ್ದು, ತಲೆಗೆ 950, ಇಬ್ಬರು ಮಕ್ಕಳಿಗೆ 1,900, ನೀವೇ ಅಲ್ವಾ ಮೆಸೇಜ್ ಹಾಕಿದ್ದು ಅಂದರು. ಫೋನ್ ತೋರಿಸಿದರು. ನನ್ನ ಹೆಸರು, ನನ್ನ ಫೋಟೋ. ದೇವರಾಯನದುರ್ಗದ ಮೆಟ್ಟಿಲ ಮೇಲೆ ಮಗಳ ಜೊತೆ ನಿಂತು ತೆಗೆಸಿಕೊಂಡದ್ದು. ಮೆಸೇಜ್ ಮಾತ್ರ ನನ್ನದಲ್ಲ.

ತುಮಕೂರಿನಲ್ಲಿ ನನ್ನ ಹಾಗೆ ಶಾಲೆಯ ಗ್ರೂಪ್ ನೋಡಿಕೊಳ್ಳುವ ಅಪ್ಪ ಅಮ್ಮಂದಿರು ಬೇಕಾದಷ್ಟು ಜನ ಇದ್ದಾರೆ. ವಾಟ್ಸಾಪ್ ಬಿಟ್ಟು ಟೆಲಿಗ್ರಾಂಗೆ ಹೋಗೋಣ ಅಂತ ಯೋಚಿಸುತ್ತಿದ್ದರೆ ಇದನ್ನು ಓದಿಬಿಡಿ. ಶಾಲೆಯ ಹೆಸರು ಹೇಳುವುದಿಲ್ಲ. ತಪ್ಪು ಶಾಲೆಯದ್ದಲ್ಲ, ನನ್ನದು.

ವಾಟ್ಸಾಪ್ ಯಾಕೆ ಬಿಟ್ಟೆವು ಅಂತ ಮೊದಲು ಹೇಳುತ್ತೇನೆ, ಕಾರಣ ಸುಳ್ಳಲ್ಲ. ಎಂಟು, ಒಂಬತ್ತು, ಹತ್ತನೇ ತರಗತಿ ಸೇರಿ ಸುಮಾರು ಇನ್ನೂರು ಪೋಷಕರು ಒಂದೇ ಗ್ರೂಪಿನಲ್ಲಿ ಇದ್ದೆವು. ಶಾಲೆಯ ಸುತ್ತೋಲೆ, ವೇಳಾಪಟ್ಟಿ, ಹತ್ತನೇ ಕ್ಲಾಸಿನವರಿಗೆ ಮಾದರಿ ಪ್ರಶ್ನೆಪತ್ರಿಕೆ, ಎಲ್ಲಾ ಅಲ್ಲೇ. ಪ್ರಿಂಟ್ ತೆಗೆಸಲು ಅರ್ಧ ಜನ ನನ್ನ ಅಂಗಡಿಗೇ ಬರುತ್ತಿದ್ದರು. ದಿನಕ್ಕೆ ನಾಲ್ಕೈದು ಸಲ ಒಂದೇ ಕಥೆ. ಎರಡು ಮೂರು ತಿಂಗಳ ಹಿಂದಿನ ಫೈಲ್ ಒತ್ತುತ್ತಾರೆ, ಅದು ತೆರೆಯುವುದಿಲ್ಲ, ಕಳಿಸಿದವರನ್ನೇ ಮತ್ತೆ ಕಳಿಸಲು ಕೇಳಿ ಅನ್ನುತ್ತದೆ. ವಾಟ್ಸಾಪ್ ಫೈಲನ್ನು ತನ್ನ ಸರ್ವರಿನಲ್ಲಿ ಕೆಲವು ಕಾಲ ಮಾತ್ರ ಇಟ್ಟುಕೊಳ್ಳುತ್ತದೆ. ಅಷ್ಟರೊಳಗೆ ನಿಮ್ಮ ಫೋನಿಗೆ ಇಳಿಸಿಕೊಂಡಿರಬೇಕು. ಫೋನ್ ತುಂಬಿತು ಅಂತ ಅಳಿಸಿದ್ದರೆ ಅಥವಾ ಹೊಸ ಫೋನ್ ತಗೊಂಡಿದ್ದರೆ ಹೋಯಿತು. ನಡುವರ್ಷದಲ್ಲಿ ಸೇರಿದವರಿಗಂತೂ ಹಳೇ ಫೈಲ್‌ಗಳು ತಾನಾಗಿ ಕಾಣುವುದೇ ಇಲ್ಲ.

ಟೆಲಿಗ್ರಾಂನಲ್ಲಿ ಈ ಕಾಟ ಇಲ್ಲ. ಅಲ್ಲಿ ಫೈಲ್ ಅವರ ಸರ್ವರಿನಲ್ಲೇ ಕೂತಿರುತ್ತದೆ. ಫೋನ್ ಬದಲಾಯಿಸಿದರೂ ಸಿಗುತ್ತದೆ, ಹೆಸರು ಹಾಕಿ ಹುಡುಕಬಹುದು. ನಮ್ಮ ಸಭೆಯಲ್ಲಿ ನಾನೇ ಎದ್ದು ನಿಂತು ಇದನ್ನೆಲ್ಲಾ ಹೇಳಿದೆ. ಎಲ್ಲರೂ ಸರಿ ಅಂದರು.

ಗ್ರೂಪ್ ಮಾಡಿದ ರಾತ್ರಿ ಎಡವಟ್ಟಾಯಿತು. ಖಾಸಗಿ ಗ್ರೂಪ್ ಮಾಡಿ ಇಬ್ಬರನ್ನು ಸೇರಿಸಿ ನೋಡಿದೆ. ಅವರಿಗೆ ಹಳೇ ಮೆಸೇಜ್ ಕಾಣಲಿಲ್ಲ. ಅಯ್ಯೋ, ಇಲ್ಲೂ ಅದೇ ಗೋಳಾ ಅನಿಸಿತು. ಗ್ರೂಪನ್ನು ಸಾರ್ವಜನಿಕ ಮಾಡಿದ ತಕ್ಷಣ ಎಲ್ಲಾ ಕಾಣಿಸಿತು. ಜೊತೆಗೆ ಶಾಲೆಯ ಹೆಸರಿನಲ್ಲೇ ನೆನಪಿಟ್ಟುಕೊಳ್ಳುವಂಥ ಸಣ್ಣ ಲಿಂಕೂ ಸಿಕ್ಕಿತು. ಖುಷಿಯಾಗಿ ಹಾಗೇ ಬಿಟ್ಟೆ. ಖಾಸಗಿ ಗ್ರೂಪಿನಲ್ಲೂ ಹೊಸಬರಿಗೆ ಹಳೆಯದು ಕಾಣುವ ಹಾಗೆ ಮಾಡಲು ಸೆಟ್ಟಿಂಗ್ ಒಳಗೆ ಬೇರೆ ಆಯ್ಕೆಯೇ ಇದೆ, ಮೊದಲಿಗೆ ಅದು ಮುಚ್ಚಿರುತ್ತದೆ ಅಷ್ಟೇ. ನನಗೆ ಅದು ಗೊತ್ತಾಗಿದ್ದು ದುಡ್ಡು ಹೋದ ಮೇಲೆ.

ಸಾರ್ವಜನಿಕ ಗ್ರೂಪ್ ಅಂದರೆ ಹೆಬ್ಬಾಗಿಲು ತೆಗೆದಿಟ್ಟ ಹಾಗೆ. ಟೆಲಿಗ್ರಾಂನಲ್ಲಿ ಯಾರು ಬೇಕಾದರೂ ಹೆಸರು ಹುಡುಕಿ ಒಳಗಿನ ಮೆಸೇಜ್ ಓದಬಹುದು. ಸೇರಬೇಕೆಂದರೆ ಯಾರ ಒಪ್ಪಿಗೆಯೂ ಬೇಕಿಲ್ಲ. ಸೇರಿದವರಿಗೆ ಸದಸ್ಯರ ಪಟ್ಟಿ ಸಿಗುತ್ತದೆ, ಅದರಲ್ಲಿ ಒಬ್ಬೊಬ್ಬರ ಹೆಸರು ಒತ್ತಿ ನೇರವಾಗಿ ಮೆಸೇಜ್ ಹಾಕಬಹುದು. ಆ ವಾರ ದಿನಾ ಹತ್ತಿಪ್ಪತ್ತು ಜನ ಸೇರುತ್ತಿದ್ದರು, ನಡುವೆ ಯಾರು ನುಸುಳಿದರು ಅಂತ ಯಾರು ನೋಡುತ್ತಾರೆ?

ಶುಕ್ರವಾರ ಬೆಳಿಗ್ಗೆ ಪ್ರವಾಸದ ಸುತ್ತೋಲೆ ಹಾಕಿದೆ. ಜಾಗ, ದಿನ, 950 ರೂಪಾಯಿ, ಕ್ಲಾಸ್ ಟೀಚರ್ ಕೈಗೆ ಕೊಟ್ಟು ರಸೀದಿ ಪಡೆಯಿರಿ ಅಂತ ಸ್ಪಷ್ಟವಾಗಿ ಇತ್ತು. ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಮೆಸೇಜ್‌ಗಳು ಶುರುವಾಗಿವೆ. "ನಮಸ್ಕಾರ, ಚಿತ್ರದುರ್ಗದ ಬಸ್ಸಿಗೆ ಸೀಟ್ ಕಡಿಮೆ ಇದೆ. ಬಸ್‌ನವರಿಗೆ ಇವತ್ತೇ ಅಡ್ವಾನ್ಸ್ ಕೊಡಬೇಕು. 5 ಗಂಟೆ ಒಳಗೆ ಈ ಕ್ಯೂಆರ್‌ಗೆ ಹಾಕಿ, ರಸೀದಿ ಸೋಮವಾರ ನನ್ನ ಅಂಗಡಿಯಲ್ಲಿ ತಗೊಳ್ಳಿ." ನನಗೆ ಅಂಗಡಿ ಇದೆ ಅನ್ನುವುದೂ ಅವನಿಗೆ ಗೊತ್ತಿತ್ತು. ಯಾಕೆಂದರೆ ಪ್ರಿಂಟ್ ಬೇಕಾದವರು ಅಂಗಡಿಗೆ ಬನ್ನಿ ಅಂತ ನಾನೇ ಗ್ರೂಪಿನಲ್ಲಿ ಬರೆದಿದ್ದೆ. ನಾನು ಯಾವತ್ತೂ ನಮಸ್ಕಾರ ಅಂತ ಶುರು ಮಾಡಿದವನಲ್ಲ, ಆದರೆ ಅದನ್ನು ಯಾರು ಗಮನಿಸುತ್ತಾರೆ ಬಿಡಿ.

ಏಳು ಜನ ಹಾಕಿದ್ದರು. ಎಂಟು ಮಕ್ಕಳ ಲೆಕ್ಕ, 7,600 ರೂಪಾಯಿ.

ಆ ತಾಯಿಯ ಫೋನನ್ನು ಅಂಗಡಿ ಟೇಬಲ್ ಮೇಲೆ ಇಟ್ಟುಕೊಂಡು ಇಬ್ಬರೂ ನೋಡಿದೆವು. ಟೆಲಿಗ್ರಾಂನಲ್ಲಿ ಒಂದು ಯೂಸರ್‌ನೇಮ್ ಇರುತ್ತದಲ್ಲ, ಅದೂ ನನ್ನದೇ ಅನಿಸಿತು. ಒಂದೇ ಯೂಸರ್‌ನೇಮ್ ಇಬ್ಬರಿಗೆ ಸಿಗುವುದಿಲ್ಲ ಅಂತ ಗೊತ್ತಿತ್ತು, ಹಾಗಾಗಿ ತಲೆ ಕೆಟ್ಟಿತು. ಅದನ್ನು ಅಂಗಡಿ ಕಂಪ್ಯೂಟರಿಗೆ ಕಳಿಸಿಕೊಂಡು ಪೇಸ್ಟ್ ಮಾಡಿ ಫಾಂಟ್ ಬದಲಿಸಿದೆ. ಆಗ ಸಿಕ್ಕಿತು. ನನ್ನ ಹೆಸರಿನಲ್ಲಿ ಸಣ್ಣ `l` ಇರುವ ಜಾಗದಲ್ಲಿ ಅವನು ದೊಡ್ಡ `I` ಹಾಕಿದ್ದ. ಫೋನಿನ ಅಕ್ಷರದಲ್ಲಿ ಎರಡೂ ಬರೀ ಒಂದು ನೆಟ್ಟ ಗೆರೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದರೂ ಗೊತ್ತಾಗುವುದಿಲ್ಲ.

ಗೊತ್ತಾಗುವಂಥ ಗುರುತುಗಳು ಬೇರೆ ಇದ್ದವು. ಆ ತಾಯಿ ನನ್ನ ನಂಬರನ್ನು "ಝೆರಾಕ್ಸ್ ಅಣ್ಣ" ಅಂತ ಸೇವ್ ಮಾಡಿಕೊಂಡಿದ್ದಾರೆ. ನಾನು ನಿಜವಾಗಿ ಮೆಸೇಜ್ ಹಾಕಿದ್ದರೆ ಅವರ ಫೋನಿನಲ್ಲಿ ಹಾಗೇ ಬರಬೇಕಿತ್ತು. ಈ ಮೆಸೇಜ್ ನನ್ನ ಪೂರ್ತಿ ಹೆಸರಿನಲ್ಲಿ ಬಂದಿತ್ತು. ಚಾಟ್‌ನ ಮೇಲೆ ಬ್ಲಾಕ್ ಮಾಡಿ ಅಥವಾ ಕಾಂಟ್ಯಾಕ್ಟ್‌ಗೆ ಸೇರಿಸಿ ಅನ್ನುವ ಪಟ್ಟಿಯೂ ಇತ್ತು. ಈಗಾಗಲೇ ಸೇವ್ ಆಗಿರುವವರಿಗೆ ಅದು ಬರುವುದಿಲ್ಲ. ಇನ್ನು ಗ್ರೂಪಿನಲ್ಲಿ ನನ್ನ ಹೆಸರಿನ ಪಕ್ಕ ಅಡ್ಮಿನ್ ಅಂತ ಇರುತ್ತದೆ, ಆದರೆ ಖಾಸಗಿ ಚಾಟ್‌ನಲ್ಲಿ ಆ ಚೀಟಿ ಯಾರಿಗೂ ಇರುವುದಿಲ್ಲ. ಹಾಗಾಗಿ ಅಲ್ಲಿ ಅದು ಇಲ್ಲ ಅಂತ ಯಾರಿಗೂ ಅನುಮಾನ ಬರಲಿಲ್ಲ. ದುಡ್ಡು ಹಾಕುವಾಗ ಯುಪಿಐ ಆ್ಯಪ್ ಬೇರೆ ಯಾರದೋ ಹೆಸರು ತೋರಿಸಿದೆ. "ಬಸ್ ಓನರ್ ಇರ್ಬೇಕು ಅಂದ್ಕೊಂಡೆ ಅಣ್ಣ" ಅಂದರು ಪಾಪ.

ಈ ಮೋಸ ವಾಟ್ಸಾಪ್‌ನಲ್ಲಿ ಇಷ್ಟು ಸಲೀಸಾಗಿ ಆಗುತ್ತಿರಲಿಲ್ಲ ಅಂತ ಈಗ ಅನಿಸುತ್ತದೆ. ವಾಟ್ಸಾಪ್ ಪ್ರೈವಸಿಯಲ್ಲಿ ದೊಡ್ಡ ಹೆಚ್ಚೇನಲ್ಲ. ಸಾಮಾನ್ಯ ಗ್ರೂಪಿನಲ್ಲಿ ಇನ್ನೂರು ಜನರ ನಂಬರ್ ಇನ್ನೂರು ಜನರಿಗೂ ಕಾಣುತ್ತದೆ, ಟ್ಯೂಷನ್‌ನವರು ಇನ್ಶೂರೆನ್ಸ್‌ನವರು ಅಲ್ಲಿಂದಲೇ ಫೋನ್ ಮಾಡುತ್ತಾರೆ. ಆದರೆ ಅಲ್ಲಿ ಮನುಷ್ಯನ ಗುರುತೇ ನಂಬರು. ಹೊಸ ನಂಬರಿನಿಂದ ಬಂದರೆ ನಂಬರ್ ಕಣ್ಣಿಗೆ ಹೊಡೆಯುತ್ತದೆ, "ಯಾರಿದು" ಅಂತ ಒಂದು ಸಲವಾದರೂ ಕೇಳುತ್ತಾರೆ. ಟೆಲಿಗ್ರಾಂನಲ್ಲಿ ಪರಿಚಯವಿಲ್ಲದವರ ನಂಬರ್ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಕಾಣುವುದು ಹೆಸರು, ಫೋಟೋ. ಅವೆರಡನ್ನೂ ಯಾರು ಬೇಕಾದರೂ ಎರಡು ನಿಮಿಷದಲ್ಲಿ ಹಾಕಿಕೊಳ್ಳಬಹುದು.

ಆ ಸಂಜೆ ಏನು ಮಾಡಿದೆವು ಅಂದರೆ, ಮೊದಲು ಗ್ರೂಪಿನಲ್ಲಿ ಧ್ವನಿ ಮೆಸೇಜ್ ಹಾಕಿದೆ. ಬರಹಕ್ಕಿಂತ ನನ್ನ ದನಿಯನ್ನು ಜನ ನಂಬುತ್ತಾರೆ ಅಂತ. ಆಮೇಲೆ ಆ ತಾಯಿಯಿಂದಲೇ 1930ಕ್ಕೆ ಫೋನ್ ಮಾಡಿಸಿದೆ. ಅದು ಸೈಬರ್ ಮೋಸಕ್ಕೆ ಇರುವ ಸಹಾಯವಾಣಿ. ಯುಪಿಐ ವ್ಯವಹಾರದ ನಂಬರ್, ಹಾಕಿದ ಹೊತ್ತು, ಮೊತ್ತ ಕೇಳುತ್ತಾರೆ, ಕೈಯಲ್ಲಿ ಇಟ್ಟುಕೊಂಡೇ ಮಾಡಿ. `cybercrime.gov.in`ನಲ್ಲೂ ದೂರು ಹಾಕಬಹುದು. ಚಾಟನ್ನು ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ಒಬ್ಬರು ಸಿಟ್ಟಿನಲ್ಲಿ ಇಡೀ ಚಾಟ್ ಅಳಿಸಿಬಿಟ್ಟಿದ್ದರು, ಅವರ ದೂರಿಗೆ ತೋರಿಸಲು ಏನೂ ಉಳಿಯಲಿಲ್ಲ. ಕೂಡಲೇ ಫೋನ್ ಮಾಡಿದ ಇಬ್ಬರ ಹಣ ಬ್ಯಾಂಕಿನಲ್ಲಿ ತಡೆದಿದ್ದಾರೆ, ಇನ್ನೂ ಕೈಗೆ ಬಂದಿಲ್ಲ. ಉಳಿದವರದು ಅಷ್ಟರಲ್ಲಿ ಬೇರೆ ಕಡೆ ಹೋಗಿಬಿಟ್ಟಿತ್ತು.

ರಾತ್ರಿ ಗ್ರೂಪನ್ನು ಖಾಸಗಿ ಮಾಡಿದೆ. ಅಷ್ಟಕ್ಕೇ ಮಲಗಿಬಿಡಬೇಡಿ. ಬಾಗಿಲು ಹಾಕಿದರೆ ಒಳಗಿರುವ ಕಳ್ಳ ಒಳಗೇ ಉಳಿಯುತ್ತಾನೆ. ಮರುದಿನ ಶಾಲೆಯ ಪಟ್ಟಿ ಹಿಡಿದು ಒಂದೊಂದೇ ಹೆಸರು ತಾಳೆ ನೋಡಿದಾಗ ಒಂಬತ್ತು ಖಾತೆಗಳು ಯಾವ ಮಗುವಿನ ಮನೆಯವರದೂ ಆಗಿರಲಿಲ್ಲ. ಅವನ್ನು ತೆಗೆದುಹಾಕಿದೆ. ಆದರೆ ಅವರು ಪಟ್ಟಿ ನೋಡಿಯಾಗಿತ್ತಲ್ಲ.

ಕೊನೆಗೆ ಆ ಗ್ರೂಪನ್ನೇ ಮುಚ್ಚಿದೆವು. ಈಗ ಫೈಲ್‌ಗೆ ಮಾತ್ರ ಟೆಲಿಗ್ರಾಂ ಇದೆ, ಅದೂ ಖಾಸಗಿ ಚಾನೆಲ್. ಗ್ರೂಪ್ ಬೇರೆ, ಚಾನೆಲ್ ಬೇರೆ. ಚಾನೆಲ್‌ನಲ್ಲಿ ಅಡ್ಮಿನ್ ಮಾತ್ರ ಹಾಕಬಹುದು. ಸೇರಿದವರ ಪಟ್ಟಿ ಅಡ್ಮಿನ್‌ಗೆ ಬಿಟ್ಟು ಯಾರಿಗೂ ಕಾಣುವುದಿಲ್ಲ, ಹಾಗಾಗಿ ಒಬ್ಬರು ನುಸುಳಿದರೂ ಉಳಿದವರಿಗೆ ಮೆಸೇಜ್ ಹಾಕಲು ದಾರಿ ಇರುವುದಿಲ್ಲ. ತಡವಾಗಿ ಸೇರಿದವರಿಗೂ ಹಳೇ ಫೈಲ್ ಎಲ್ಲಾ ಕಾಣುತ್ತದೆ. ನಾನು ಮೊದಲ ರಾತ್ರಿ ಹುಡುಕುತ್ತಿದ್ದದ್ದು ಇದನ್ನೇ! ಲಿಂಕಿಗೆ ಅಡ್ಮಿನ್ ಒಪ್ಪಿಗೆ ಬೇಕು ಅಂತ ಇಟ್ಟಿದ್ದೇನೆ. ಕೋರಿಕೆ ಬಂದರೆ ಮಗುವಿನ ಹೆಸರು ಕೇಳಿ ಫೋನ್ ಮಾಡಿಯೇ ಸೇರಿಸುವುದು.

ನಾಳೆ ರಜೆ, ಬಸ್ ಲೇಟು ಅನ್ನುವಂಥ ಸುದ್ದಿಗೆ ವಾಟ್ಸಾಪ್‌ಗೇ ವಾಪಸ್ ಬಂದೆವು. ಟೆಲಿಗ್ರಾಂ ಸುಮಾರು ಜನ ದಿನಕ್ಕೆ ಒಂದು ಸಲವೂ ತೆರೆಯುತ್ತಿರಲಿಲ್ಲ. ವಾಟ್ಸಾಪ್‌ನಲ್ಲಿ ಕಮ್ಯುನಿಟಿ ಅಂತ ಮಾಡಿದ್ದೇವೆ, ಅದರ ಪ್ರಕಟಣೆ ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುತ್ತಾರೆ, ಪೋಷಕರ ನಂಬರ್ ಬೇರೆ ಪೋಷಕರಿಗೆ ಕಾಣುವುದಿಲ್ಲ. ಗುಡ್ ಮಾರ್ನಿಂಗ್ ಹೂವುಗಳೂ ನಿಂತವು, ಅದೊಂದು ಲಾಭ. ದುಡ್ಡಿನ ಮಾತು ಎರಡರಲ್ಲೂ ಇಲ್ಲ. ಫೀಸಿನ ಸುತ್ತೋಲೆ ಬಂದರೆ ಮೊತ್ತ ಬರೆಯದೆ, "ಮಗುವಿನ ಡೈರಿ ನೋಡಿ" ಅಂತ ಹಾಕುತ್ತೇವೆ.

ಪ್ರವಾಸ ಹೋಗಿ ಬಂದಾಯಿತು. ಆ ಏಳು ಜನ ಎರಡನೇ ಸಲ ದುಡ್ಡು ಕಟ್ಟಿದರು, ಟೀಚರ್ ಕೈಗೆ. ಆ ತಾಯಿ ಫೋನಿನಿಂದ ಟೆಲಿಗ್ರಾಂ ತೆಗೆದೇಬಿಟ್ಟಿದ್ದಾರೆ. ಏನಾದರೂ ಬಂದರೆ ವಾಟ್ಸಾಪ್‌ನಲ್ಲಿ ಒಂದು ಸಾಲು ಹಾಕುತ್ತೇನೆ, ಸಂಜೆ ಮಗ ಸೈಕಲ್ ಮೇಲೆ ಬಂದು ಪ್ರಿಂಟ್ ತಗೊಂಡು ಹೋಗುತ್ತಾನೆ. ಅವನ ಹತ್ತಿರ ನಾನು ಕಾಸು ತಗೊಳ್ಳುವುದಿಲ್ಲ.