ಬ್ಯಾಕಪ್ ಎಂಎಕ್ಸ್ ಅಂತ ದುಡ್ಡು ಕೊಡುವ ಮೊದಲು ಇದನ್ನು ಓದಿ

ಮಂಗಳೂರು, ಉಡುಪಿ ಕಡೆ ಆಫೀಸಿನಲ್ಲೇ ಮೇಲ್ ಸರ್ವರ್ ಇಟ್ಟುಕೊಂಡವರು ದಯವಿಟ್ಟು ಗಮನಿಸಿ. "ಮಳೆಗಾಲದಲ್ಲಿ ಕರೆಂಟ್ ಹೋದರೆ ಬರುವ ಮೇಲ್ ಎಲ್ಲ ಹೋಯ್ತು ಅಂತ ತಿಳಿಯಿರಿ, ಬ್ಯಾಕಪ್ ಎಂಎಕ್ಸ್, ಅಂದರೆ ನಿಮ್ಮ ಸರ್ವರ್ ಸಿಗದಾಗ ಮೇಲ್ ಹಿಡಿದಿಡುವ ಇನ್ನೊಂದು ಸರ್ವರ್, ಹಾಕಿಸಿ" ಅಂದರೆ ಒಪ್ಪಬೇಡಿ. ಅದನ್ನು ಮಾರುವವರು ಹೀಗೆ ಹೇಳಿಯೇ ನಮ್ಮಿಂದ ವರ್ಷದ ದುಡ್ಡು ತೆಗೆದುಕೊಂಡರು.

ನಮ್ಮ ಡಿಎನ್‌ಎಸ್‌ನಲ್ಲಿ ಅವರು ಹಾಕಿದ್ದು ಇದು, ಹೆಸರು ಮಾತ್ರ ಬದಲಿಸಿದ್ದೇನೆ:

```
example.in.  MX 10 mail.example.in.
example.in.  MX 20 mx2.example.net.
```

ಮೇಲ್ ಮೊದಲು 10ಕ್ಕೆ, ಅಂದರೆ ನಮ್ಮ ಸರ್ವರ್‌ಗೆ ಬರಬೇಕು. ಅದು ಸಿಗದಿದ್ದರೆ ಮಾತ್ರ 20ಕ್ಕೆ, ಅಂದರೆ ಬ್ಯಾಕಪ್‌ಗೆ. ಆದರೆ ಸ್ಪ್ಯಾಮ್ ಕಳಿಸುವವರು ಬೇಕೆಂದೇ ನೇರ 20ಕ್ಕೆ ಹೋಗುತ್ತಾರೆ. ಅಲ್ಲಿ ತಪಾಸಣೆ ಕಡಿಮೆ ಅಂತ ಅವರಿಗೆ ಗೊತ್ತು. ಕರೆಂಟ್ ಇತ್ತು, ನಮ್ಮ ಸರ್ವರ್ ಚೆನ್ನಾಗಿಯೇ ಓಡುತ್ತಿತ್ತು, ಆದರೂ ಇನ್‌ಬಾಕ್ಸ್ ತುಂಬ ಕಸ! ಹೆಡರ್‌ನಲ್ಲಿ `Received` ಸಾಲು ನೋಡಿದರೆ ಎಲ್ಲವೂ mx2 ಮೂಲಕ ಬಂದದ್ದು. ನಮ್ಮ ಬ್ಲಾಕ್‌ಲಿಸ್ಟ್, ಎಸ್‌ಪಿಎಫ್ ಎರಡೂ ನೋಡುವುದು ಬಾಗಿಲು ತಟ್ಟುವ ಐಪಿಯನ್ನು. ಬಾಗಿಲಲ್ಲಿ ಇರುವುದು mx2 ಐಪಿ. ಅದನ್ನು ನಂಬಿ ಬಿಡಬೇಕು ಅಂತ ಹೇಳಿದ್ದೂ ಬ್ಯಾಕಪ್ ಮಾರಿದವರೇ.

ಇಲ್ಲದ ವಿಳಾಸಕ್ಕೆ ಕಳಿಸಿ ನೋಡಿದೆ. ನಮ್ಮ ಸರ್ವರ್ 550 ಅಂತ ಅಲ್ಲೇ ತಿರಸ್ಕರಿಸಿತು. ಅವರದ್ದು?

```
RCPT TO:<illadavaru@example.in>
250 2.1.5 Ok
```

ಯಾರ ಹೆಸರಿಗೆ ಬಂದರೂ ಒಪ್ಪಿಕೊಳ್ಳುತ್ತದೆ. ಆಮೇಲೆ ನಮಗೆ ದಾಟಿಸುತ್ತದೆ. ನಾವು ಬೇಡ ಅಂದರೆ ಕಳಿಸಿದವರಿಗೆ ಬೌನ್ಸ್ ಬರೆಯುತ್ತದೆ. ಸ್ಪ್ಯಾಮ್‌ನಲ್ಲಿ ಕಳಿಸಿದವರ ವಿಳಾಸವೇ ಸುಳ್ಳು, ಅಲ್ವಾ? ಕುಂದಾಪುರದ ನಮ್ಮ ಹಳೇ ಗಿರಾಕಿಯೊಬ್ಬರ ವಿಳಾಸವನ್ನು ಯಾರೋ ಹಾಗೆ ಬಳಸಿದ್ದರು. "ನಾನು ಬರೆಯದ ಮೇಲ್ ವಾಪಸ್ ಬರ್ತಾ ಉಂಟಲ್ಲ, ಎಂಥ ಮಾರಾಯ್ರೆ ಇದು?" ಅಂತ ಫೋನ್ ಮಾಡಿದರು. ನಾಚಿಕೆಯಿಂದ ಮಾತೇ ಹೊರಡಲಿಲ್ಲ.

ದುಡ್ಡು ತೆಗೆದುಕೊಂಡವರು ಏನಂದರು ಗೊತ್ತಾ? ಮೊದಲು, "ನಿಮ್ಮ ಫಿಲ್ಟರ್ ಸರಿ ಇಲ್ಲ ಸರ್." ಹೆಡರ್ ತೋರಿಸಿದ ಮೇಲೆ, "ಬಂದದ್ದನ್ನು ಹಿಡಿದು ಕಳಿಸುವುದಷ್ಟೇ ನಮ್ಮ ಕೆಲಸ." ಸರಿ, ನಮ್ಮಲ್ಲಿರುವ ವಿಳಾಸಗಳ ಪಟ್ಟಿ ಕೊಡುತ್ತೇನೆ, ಪೋಸ್ಟ್‌ಫಿಕ್ಸ್‌ನ `relay_recipient_maps`ಗೆ ಹಾಕಿ, ಇಲ್ಲದವರ ಮೇಲ್ ಬಾಗಿಲಲ್ಲೇ ನಿಲ್ಲುತ್ತದೆ ಅಂದೆ. "ಅದಕ್ಕೆ ಬೇರೆ ಪ್ಯಾಕೇಜ್ ಸರ್!" ಅಲ್ಲಿ ನನ್ನ ಮೈ ಉರಿಯಿತು. ಬೀಗ ಇಲ್ಲದ ಬಾಗಿಲು ಇಟ್ಟು, ಬೀಗಕ್ಕೆ ಬೇರೆ ದುಡ್ಡು ಕೇಳುತ್ತಾರೆ.

ಇನ್ನೂ ಸಿಟ್ಟು ಬರುವುದು ಇದಕ್ಕೆ: ಬ್ಯಾಕಪ್ ಬೇಕಾಗಿಯೇ ಇರಲಿಲ್ಲ. ನಮ್ಮ ಸರ್ವರ್ ಸಿಗದಿದ್ದರೆ ಕಳಿಸುವವರ ಸರ್ವರ್ ತಾನೇ ಮೇಲ್ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕನಿಷ್ಠ 4-5 ದಿನ ಬಿಡದೆ ಪ್ರಯತ್ನಿಸಬೇಕು ಅಂತ ಮೇಲ್ ಸಾಗಿಸುವ ನಿಯಮ ಬರೆದಿರುವ ಆರ್‌ಎಫ್‌ಸಿ 5321 ಹೇಳುತ್ತದೆ. ಪೋಸ್ಟ್‌ಫಿಕ್ಸ್ 5 ದಿನ ಕಾಯುತ್ತದೆ. ಎಂಥ ಮಳೆಯಲ್ಲೂ ಅಷ್ಟರಲ್ಲಿ ಕರೆಂಟ್ ಬರುತ್ತದೆ. ಕಳೆದುಹೋಗುತ್ತದೆ ಅಂದದ್ದು ಬರೀ ಹೆದರಿಸಲು.

ಈಗಾಗಲೇ ಹಾಕಿಸಿದ್ದರೆ 20ರ ಸಾಲು ತೆಗೆಯಿರಿ. ಅಷ್ಟೇ ಸಾಲದು. ಸ್ಪ್ಯಾಮ್‌ನವರು ಹಳೇ ಐಪಿಗೆ ಬಡಿಯುತ್ತಲೇ ಇರುತ್ತಾರೆ. ನಿಮ್ಮ ಡೊಮೈನನ್ನು ಅವರ `relay_domains`ನಿಂದ ತೆಗೆಸಿ, ತೆಗೆದೆವು ಅಂತ ಬರೆಸಿಕೊಳ್ಳಿ. ನಮ್ಮದನ್ನು ಇನ್ನೂ ತೆಗೆದಿಲ್ಲ. ಕೇಳಿದರೆ, "ವರ್ಷ ಮುಗಿದ ಮೇಲೆ ತಾನಾಗೇ ಹೋಗುತ್ತದೆ ಸರ್" ಅನ್ನುತ್ತಾರೆ.