ಐರನ್ ಮಾತ್ರೆ: ಖಾಲಿ ಹೊಟ್ಟೆಗೋ, ತಿಂಡಿಯ ಜೊತೆಗೋ, ರಾತ್ರಿಗೋ, ದಿನ ಬಿಟ್ಟು ದಿನವೋ

ಕಳೆದ ವರ್ಷ ಮಳೆಗಾಲಕ್ಕೆ ಮೊದಲು ರಕ್ತ ಪರೀಕ್ಷೆ ಮಾಡಿಸಿದಾಗ ನನ್ನ ಹಿಮೋಗ್ಲೋಬಿನ್ 9.1 ಇತ್ತು. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿದ್ದದ್ದಕ್ಕೆ ವಯಸ್ಸೇ ಕಾರಣ ಅಂದುಕೊಂಡಿದ್ದೆ, ಅಲ್ಲವಂತೆ. ಡಾಕ್ಟರು ಫೆರಸ್ ಆಸ್ಕಾರ್ಬೇಟ್ ಮಾತ್ರೆ ಬರೆದರು, ದಿನಕ್ಕೊಂದು, ಒಂದರಲ್ಲಿ 100 ಮಿಲಿಗ್ರಾಂ ಕಬ್ಬಿಣ. ಆ ಒಂದೇ ಮಾತ್ರೆಯನ್ನು ಐದು ತಿಂಗಳಲ್ಲಿ ನಾಲ್ಕು ರೀತಿ ನುಂಗಿ ನೋಡಿದ್ದೇನೆ. ಹೊಟ್ಟೆ ತೊಳಸುತ್ತದೆ ಎಂದು ಸ್ಟ್ರಿಪ್ಪನ್ನು ಫ್ರಿಜ್ಜಿನ ಮೇಲೆ ಎಸೆದು ಮರೆತವರು ನಮ್ಮ ಮನೆಯಲ್ಲೇ ಇಬ್ಬರಿದ್ದಾರೆ. ಅವರಿಗಾಗಿಯೂ ಇದನ್ನು ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ಹೇಳಬೇಕು. ಎಂಟು ವರ್ಷದಿಂದ ನಾನು ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತೇನೆ, 50 ಮೈಕ್ರೋಗ್ರಾಂನದ್ದು, ಬೆಳಿಗ್ಗೆ ಆರಕ್ಕೆ ಬರೀ ನೀರಿನಲ್ಲಿ. ಐರನ್ ಬರೆದ ಡಾಕ್ಟರಿಗೆ ಇದನ್ನು ಹೇಳಲೇ ಇಲ್ಲ. ಅವರೂ ಕೇಳಲಿಲ್ಲ. ಮೆಡಿಕಲ್ಲಿನ ಹುಡುಗ ಕವರಿನ ಮೇಲೆ ಪೆನ್ನಿನಲ್ಲಿ “ಖಾಲಿ ಹೊಟ್ಟೆಗೆ” ಎಂದು ಬರೆದುಕೊಟ್ಟ. ಹಾಗಿದ್ದರೆ ಎರಡನ್ನೂ ಒಟ್ಟಿಗೆ ನುಂಗಿಬಿಟ್ಟರೆ ಮರೆಯುವ ಪ್ರಶ್ನೆಯೇ ಇಲ್ಲ ಎಂದು ನನಗೆ ಖುಷಿಯಾಯಿತು.

ಮೊದಲ ರೀತಿ ಹೀಗೆ ಶುರುವಾಯಿತು: ಬೆಳಿಗ್ಗೆ ಆರಕ್ಕೆ ಎರಡೂ ಮಾತ್ರೆ, ಒಂದು ಲೋಟ ನೀರು. ಮುಕ್ಕಾಲು ಗಂಟೆ ಏನೂ ಇಲ್ಲ. ಆಮೇಲೆ ಬಾಯಲ್ಲಿ ನೀರು ಒಸರಲು ಶುರು, ಹೊಕ್ಕುಳಿನ ಮೇಲೆ ಹಿಂಡಿದ ಹಾಗೆ, ಇಡ್ಲಿಯ ಹಬೆಯ ವಾಸನೆಯೂ ಬೇಡ. ನಾನು ಉಡುಪಿಯಿಂದ ಸುರತ್ಕಲ್ ಕಡೆಗೆ ಕೆಲಸಕ್ಕೆ ಹೋಗುವವಳು, ಏಳೂಕಾಲಿನ ಬಸ್ಸು. ಕಟಪಾಡಿವರೆಗೆ ಹೇಗೋ ತಡೆದುಕೊಳ್ಳುತ್ತಿದ್ದೆ. ಕಾಪು ಬರುವಾಗ ಕಿಟಕಿಯ ಪಕ್ಕದ ಸೀಟಿಗಾಗಿ ಪಕ್ಕದವರಲ್ಲಿ ಬೇಡುವ ಸ್ಥಿತಿ. ನಾಲ್ಕನೆಯ ದಿನ ಪಡುಬಿದ್ರಿಯಲ್ಲಿ ಇಳಿದು ರಸ್ತೆಯ ಬದಿಯಲ್ಲೇ ವಾಂತಿ ಮಾಡಿದೆ. ಹಾಗೆ ಹತ್ತು ದಿನ ಎಳೆದೆ.

ಹೀಗಾಗಲು ಕಾರಣವುಂಟು. ಖಾಲಿ ಹೊಟ್ಟೆಯಲ್ಲಿ ಕಬ್ಬಿಣ ಕರಗಿ ನೇರವಾಗಿ ಹೊಟ್ಟೆಯ ಒಳಪದರಕ್ಕೆ ತಾಗುತ್ತದೆ, ಅದನ್ನು ಕೆರಳಿಸುತ್ತದೆ. ಪ್ರಮಾಣ ಹೆಚ್ಚಿದಷ್ಟೂ ತೊಳಸುವುದು ಹೆಚ್ಚು. ಆದರೆ ರಕ್ತಕ್ಕೆ ಅತಿ ಹೆಚ್ಚು ಕಬ್ಬಿಣ ಸೇರುವುದೂ ಹೊಟ್ಟೆ ಖಾಲಿ ಇರುವಾಗಲೇ. ಹಾಗಾಗಿ ಮೆಡಿಕಲ್ಲಿನ ಹುಡುಗ ಬರೆದದ್ದು ತಪ್ಪಲ್ಲ. ನನ್ನ ಹೊಟ್ಟೆಗೆ ಅದು ಆಗಲಿಲ್ಲ, ಅಷ್ಟೇ.

ಎರಡನೆಯದು ತಿಂಡಿಯ ಜೊತೆ. ಆರಕ್ಕೆ ಥೈರಾಯ್ಡ್ ಮಾತ್ರೆ, ಏಳಕ್ಕೆ ಮೂರು ಇಡ್ಲಿ, ನಡುವೆ ಐರನ್, ಕೊನೆಗೆ ಕಾಫಿ. ಆಹಾ! ತೊಳಸುವುದು ನಿಂತೇ ಹೋಯಿತು. ಬಸ್ಸಿನಲ್ಲಿ ನಿದ್ದೆ ಮಾಡತೊಡಗಿದೆ. ಮಲ ಕಪ್ಪಗಾಯಿತು, ಅದು ಐರನ್ನಿಗೆ ಆಗುವುದೇ ಎಂದು ಗೊತ್ತಿದ್ದದ್ದರಿಂದ ಹೆದರಲಿಲ್ಲ. (ಗಟ್ಟಿಯಾಗಿ ಹಸಿರುಗಪ್ಪು ಇದ್ದರೆ ಸರಿ. ಡಾಂಬರಿನ ಹಾಗೆ ಅಂಟಂಟಾಗಿ, ಕೆಟ್ಟ ವಾಸನೆಯದಾಗಿದ್ದರೆ ಅದು ಒಳಗೆ ರಕ್ತ ಒಸರುವ ಲಕ್ಷಣ, ಅವತ್ತೇ ಡಾಕ್ಟರಲ್ಲಿಗೆ ಹೋಗಬೇಕು.) ಈ ಸುಖದಲ್ಲಿ ಆರು ವಾರ ಕಳೆದೆ.

ಆರು ವಾರದ ನಂತರ ರಿಪೋರ್ಟು ನೋಡಿ ಕೂತೆ. ಹಿಮೋಗ್ಲೋಬಿನ್ 9.1ರಿಂದ 9.3. ನುಂಗಿದ್ದು 40ಕ್ಕೂ ಮೇಲೆ ಮಾತ್ರೆ, ಏರಿದ್ದು ಇಷ್ಟೇ. ಮಾತ್ರೆ ದೇಹಕ್ಕೆ ಸೇರುತ್ತಿದ್ದರೆ ಒಂದು ತಿಂಗಳಲ್ಲಿ ಹತ್ತಿರ ಹತ್ತಿರ 1 ಗ್ರಾಂ ಏರಬೇಕು. ಅದಕ್ಕಿಂತ ಕೆಟ್ಟ ಸುದ್ದಿ ಮತ್ತೊಂದು: ಥೈರಾಯ್ಡ್ ಔಷಧಿ ದೇಹಕ್ಕೆ ಸಾಲದಿದ್ದರೆ ಏರುವ ಟಿ.ಎಸ್.ಎಚ್ 2.8 ಇದ್ದದ್ದು 8.4ಕ್ಕೆ ಹೋಗಿತ್ತು. ಎಂಟು ವರ್ಷದಲ್ಲಿ ಒಮ್ಮೆಯೂ ಅಷ್ಟು ಏರಿರಲಿಲ್ಲ.

“ಎಂತ, ಬೆಳಿಗ್ಗೆ ಬೇರೆ ಮಾತ್ರೆ ಉಂಟಾ?” ಎಂದರು ಡಾಕ್ಟರು.

“ಥೈರಾಯ್ಡ್‌ದು ಉಂಟಲ್ಲ ಸರ್.”

“ಅದನ್ನು ಮೊದಲು ಹೇಳ್ಬೇಕಲ್ಲ ಮಾರಾಯ್ರೆ!”

ಆಗಿದ್ದು ಎರಡು ಎಡವಟ್ಟು. ಕಾಫಿ, ಚಾಗಳಲ್ಲಿರುವ ಒಗರಿನ ಅಂಶ ಕಬ್ಬಿಣವನ್ನು ಹಿಡಿದಿಟ್ಟು ಹೀರದಂತೆ ಮಾಡುತ್ತದೆ, ಹಾಲಿನ ಕ್ಯಾಲ್ಸಿಯಂ ಕೂಡ ಅಡ್ಡ ಬರುತ್ತದೆ. ಇತ್ತ ಕಬ್ಬಿಣ ತಾನು ಥೈರಾಯ್ಡ್ ಮಾತ್ರೆಯ ಔಷಧಿಗೆ ಹೊಟ್ಟೆಯೊಳಗೇ ಅಂಟಿಕೊಂಡು ಅದನ್ನೂ ರಕ್ತಕ್ಕೆ ಬಿಡುವುದಿಲ್ಲ. ಇವೆರಡರ ನಡುವೆ ಕನಿಷ್ಠ ನಾಲ್ಕು ಗಂಟೆ ಬೇಕು. ನಾನು ಕೊಟ್ಟದ್ದು ಒಂದು. ಎರಡೂ ಮಾತ್ರೆಗೆ ದುಡ್ಡು ಕೊಟ್ಟು ಎರಡನ್ನೂ ಅರ್ಧಕ್ಕರ್ಧ ಚರಂಡಿಗೆ ಕಳಿಸಿದ ಹಾಗಾಯಿತು. ಥೈರಾಯ್ಡ್ ಮಾತ್ರೆಯ ಪ್ರಮಾಣವನ್ನು 75ಕ್ಕೆ ಏರಿಸೋಣವೇ ಎಂದು ನಾನೇ ಕೇಳಿದೆ. ಬೇಡ, ಮೊದಲು ಸಮಯ ಸರಿ ಮಾಡಿ, ಆರು ವಾರ ಬಿಟ್ಟು ನೋಡೋಣ ಎಂದರು. ಹೊಟ್ಟೆಗೆ ಗ್ಯಾಸಿನ ಮಾತ್ರೆ ಕೊಡಿ ಎಂದದ್ದಕ್ಕೂ ಒಪ್ಪಲಿಲ್ಲ. ಕಬ್ಬಿಣ ಕರಗುವುದಕ್ಕೆ ಹೊಟ್ಟೆಯ ಹುಳಿ ಬೇಕು, ಆ ಮಾತ್ರೆ ಹುಳಿಯನ್ನೇ ಇಳಿಸುತ್ತದಂತೆ. “ಹೊಟ್ಟೆಗೆ ಉರಿಯಿಲ್ಲ” ಎಂದು ಹೆಚ್ಚು ಬೆಲೆಗೆ ಮಾರುವ, ಹೊಟ್ಟೆಯಲ್ಲಿ ಕರಗದ ಲೇಪದ ಐರನ್ನಿಗೂ ಇಂಥದ್ದೇ ತೊಂದರೆ: ಕಬ್ಬಿಣವನ್ನು ಹೀರುವುದು ಕರುಳಿನ ಮೊದಲ ಭಾಗ, ಅದು ದಾಟಿದ ಮೇಲೆ ಕರಗಿದರೆ ಹೀರುವುದು ಕಡಿಮೆ.

ಮೂರನೆಯ ರೀತಿ ರಾತ್ರಿ. ಎಂಟೂವರೆಗೆ ಕುಚ್ಚಲಕ್ಕಿ ಗಂಜಿ, ಹತ್ತೂವರೆಗೆ ಮಾತ್ರೆ, ಮಲಗುವುದು. ತೊಳಸಿದರೂ ನಿದ್ದೆಯಲ್ಲಿ ಗೊತ್ತಾಗುವುದಿಲ್ಲ ಎಂಬ ಲೆಕ್ಕ. ಬಹಳ ಜನ ಇದನ್ನೇ ಹೊಗಳುತ್ತಾರೆ, ಥೈರಾಯ್ಡ್ ಮಾತ್ರೆಗೂ ಇದರಿಂದ ದೂರ ಸಿಗುತ್ತದೆ. ನನಗೆ ಮಾತ್ರ ಮಲಗಿದ ಅರ್ಧ ಗಂಟೆಗೆ ಹುಳಿತೇಗು. ತುಕ್ಕು ಹಿಡಿದ ಗೇಟನ್ನು ನೆಕ್ಕಿದ ಹಾಗಿನ ರುಚಿ ಗಂಟಲಿಗೆ ಬಂದು ಎದ್ದು ಕೂರುವುದು. ಬಾತ್‌ರೂಮಿಗೆ ಏಳಬೇಕಾದೀತೆಂದು ಎರಡೇ ಗುಟುಕು ನೀರಿನಲ್ಲಿ ನುಂಗಿ ತಕ್ಷಣ ಅಡ್ಡಬೀಳುತ್ತಿದ್ದದ್ದು ನನ್ನದೇ ತಪ್ಪು ಇರಬಹುದು. ಎರಡು ವಾರಕ್ಕೆ ಬಿಟ್ಟೆ. ಮೊದಲೇ ಎದೆಯುರಿ ಇರುವವರಿಗೆ ರಾತ್ರಿ ಒಗ್ಗುವುದು ಕಷ್ಟ, ಇಲ್ಲದವರು ಪೂರ್ತಿ ಲೋಟ ನೀರು ಕುಡಿದು, ಸ್ವಲ್ಪ ಹೊತ್ತು ಕೂತಿದ್ದು ನೋಡಬಹುದು.

ನಾಲ್ಕನೆಯದು ಬೆಳಿಗ್ಗೆ ಹನ್ನೊಂದು. ಥೈರಾಯ್ಡ್ ಮಾತ್ರೆ ನುಂಗಿ ಐದು ಗಂಟೆ, ತಿಂಡಿ ತಿಂದು ನಾಲ್ಕು ಗಂಟೆ ಆಗಿರುತ್ತದೆ, ಊಟಕ್ಕೆ ಇನ್ನೂ ಎರಡು ಗಂಟೆ. ಒಂದು ಸಣ್ಣ ಬಾಳೆಹಣ್ಣು, ಮಾತ್ರೆ, ಒಂದು ಲೋಟ ನೀರಿಗೆ ಅರ್ಧ ಲಿಂಬೆ ಹಿಂಡಿದ್ದು. ಬಾಳೆಹಣ್ಣು ಹೊಟ್ಟೆಯ ಸಮಾಧಾನಕ್ಕೆ, ಲಿಂಬೆ ನನ್ನ ಬಾಯಿಯ ಸಮಾಧಾನಕ್ಕೆ. ಮಾತ್ರೆಯಲ್ಲೇ ವಿಟಮಿನ್ ಸಿ ಸೇರಿರುವುದರಿಂದ ಲಿಂಬೆ ಇಲ್ಲದಿದ್ದರೂ ನಡೆಯುತ್ತದೆ. ಇದಕ್ಕೆ ತೆತ್ತ ಬೆಲೆ ಅಂದರೆ ಆಫೀಸಿನ ಹನ್ನೊಂದರ ಚಾ. ಕ್ಯಾಂಟೀನಿನಿಂದ ಗೋಳಿಬಜೆಯ ಜೊತೆ ಬರುವ ಆ ಚಾವನ್ನು ಬಿಟ್ಟವರಿಗೇ ಗೊತ್ತು ಅದರ ಕಷ್ಟ. ಮಾತ್ರೆಗೂ ಚಾಗೂ ನಡುವೆ ಒಂದು ಗಂಟೆಯಾದರೂ ಬೇಕು.

ಹತ್ತು ದಿನ ದಿನಾಲೂ ಹೀಗೆ ಮಾಡಿದೆ. ವಾಂತಿಯಿಲ್ಲ, ಆದರೆ ಎರಡು ದಿನಕ್ಕೊಮ್ಮೆ ಸಣ್ಣಗೆ ತೊಳಸು, ಜೊತೆಗೆ ಮಲಬದ್ಧತೆ. ಅದನ್ನು ಹೇಳಿದಾಗ ಡಾಕ್ಟರು ದಿನ ಬಿಟ್ಟು ದಿನ ತೆಗೆದುಕೊಳ್ಳಿ ಎಂದರು. ಅರ್ಧಕ್ಕೆ ಇಳಿಸಿದರೆ ಏರುವುದು ಹೇಗೆ ಎಂದು ನನಗೆ ಅನುಮಾನ. ಅವರು ವಿವರಿಸಿದ್ದು ಹೀಗೆ: ಒಂದು ದೊಡ್ಡ ಪ್ರಮಾಣದ ಕಬ್ಬಿಣ ಒಳಗೆ ಹೋದ ಕೂಡಲೇ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಬಿಡುತ್ತದೆ, ಅದು ಕರುಳಿನ ಬಾಗಿಲು ಹಾಕಿದ ಹಾಗೆ. ಸುಮಾರು ಒಂದು ದಿನ ಆ ಬಾಗಿಲು ಅರೆತೆರೆದೇ ಇರುತ್ತದೆ. ಮರುದಿನದ ಮಾತ್ರೆಯಲ್ಲಿ ಕಡಿಮೆ ಭಾಗ ಒಳಗೆ ಹೋಗಿ, ಉಳಿದದ್ದು ಕರುಳಿನಲ್ಲೇ ಕೂತು ಉಪದ್ರ ಕೊಡುತ್ತದೆ. ಕಬ್ಬಿಣ ಕಡಿಮೆಯಿದ್ದ ಹೆಂಗಸರ ಮೇಲೆ ಸ್ವಿಟ್ಜರ್ಲೆಂಡಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನ ಬಿಟ್ಟು ದಿನ ಕೊಟ್ಟಾಗ ಪ್ರತಿ ಮಾತ್ರೆಯಿಂದ ಹೀರಿದ ಪಾಲು ಹೆಚ್ಚಿತ್ತು. ಆದರೆ ಗರ್ಭಿಣಿಯರಿಗೆ ದಿನಾಲೂ ಎಂದು ಬರೆದಿದ್ದರೆ ಇದನ್ನು ಓದಿ ಬಿಡುವುದು ಬೇಡ, ಅವರ ಲೆಕ್ಕವೇ ಬೇರೆ.

ಎಂಟು ವಾರದ ಮೇಲೆ ಹಿಮೋಗ್ಲೋಬಿನ್ 11.4, ಟಿ.ಎಸ್.ಎಚ್ 3.2. ತೊಳಸು ಆ ಎಂಟು ವಾರದಲ್ಲಿ ಎರಡೇ ಸಲ, ಎರಡೂ ಸಲ ಬಾಳೆಹಣ್ಣು ಮರೆತ ದಿನ. ಹಿಮೋಗ್ಲೋಬಿನ್ 12 ದಾಟಿದ ಮೇಲೂ ಸುಮಾರು ಮೂರು ತಿಂಗಳು ನಿಲ್ಲಿಸಬಾರದಂತೆ, ದೇಹದ ಉಗ್ರಾಣ ತುಂಬಬೇಕಲ್ಲ.

ನನಗೆ ಬೇಕಾಗಿದ್ದದ್ದು ಹೊಟ್ಟೆಗೂ ಆಗುವ, ರಿಪೋರ್ಟಿಗೂ ಆಗುವ ದಾರಿ. ಮೊದಲನೆಯದು ಹೊಟ್ಟೆಗೆ ಸೋತಿತು. ಎರಡನೆಯದು ಹೊಟ್ಟೆಯಲ್ಲಿ ಗೆದ್ದು ರಿಪೋರ್ಟಿನಲ್ಲಿ ಸೋತಿತು. ನನ್ನ ಪ್ರಕಾರ ಅದೇ ಹೆಚ್ಚು ಅಪಾಯದ್ದು, ಏಕೆಂದರೆ ಸೋತದ್ದು ಗೊತ್ತೇ ಆಗುವುದಿಲ್ಲ. ಏನೂ ತಡೆಯದೆ ಹೋದರೆ ಮಾತ್ರೆ ಬಿಟ್ಟುಬಿಡುವುದಕ್ಕಿಂತ ಊಟದ ಜೊತೆಯಾದರೂ ನುಂಗುವುದು ಮೇಲು. ಆದರೆ ಕಾಫಿ, ಚಾ, ಹಾಲನ್ನು ದೂರ ಇಟ್ಟು.

“ಊಟ ಆದ ಮೇಲೆ ನುಂಗು” ಎಂಬ ಮನೆಮಾತು ಎಲ್ಲ ಮಾತ್ರೆಗೂ ಸಲ್ಲುವುದಿಲ್ಲ ಎಂದು ಇದರಿಂದ ಗೊತ್ತಾಗಿ, ಮನೆಯ ಮಾತ್ರೆ ಡಬ್ಬ ಹಿಡಿದು ಒಂದೊಂದನ್ನೇ ಕೇಳಿ ಬಂದೆ. ಅತ್ತೆ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು, ತಿಂಡಿಗೆ ಮೊದಲು ನುಂಗಿ ಹೊಟ್ಟೆ ಕೆಡಿಸಿಕೊಳ್ಳುತ್ತಿದ್ದರು. ಅದು ಊಟದ ನಡುವೆ ಅಥವಾ ಊಟ ಮುಗಿದ ಕೂಡಲೇ. ನೋವಿನ ಮಾತ್ರೆಗಳು, ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳಂಥವು, ಖಾಲಿ ಹೊಟ್ಟೆಗೆ ಬೇಡವೇ ಬೇಡ. ಅತ್ತೆಯದ್ದೇ ಎಲುಬಿಗೆ ವಾರಕ್ಕೊಂದು ನುಂಗುವ ಅಲೆಂಡ್ರೋನೇಟ್ ಮಾತ್ರ ಇದಕ್ಕೆ ಪೂರ್ತಿ ಉಲ್ಟಾ: ಬೆಳಿಗ್ಗೆ ಬರಿ ಹೊಟ್ಟೆಗೆ ಬರೀ ನೀರಿನಲ್ಲಿ, ಆಮೇಲೆ ಅರ್ಧ ಗಂಟೆ ತಿನ್ನುವುದೂ ಇಲ್ಲ, ಮಲಗುವುದೂ ಇಲ್ಲ. ತಮ್ಮನಿಗೆ ಗದ್ದೆ ಕೆಲಸದ ಸಮಯದಲ್ಲಿ ಇಲಿಜ್ವರದ ಸಂಶಯಕ್ಕೆ ಡಾಕ್ಸಿಸೈಕ್ಲಿನ್ ಕೊಟ್ಟಿದ್ದರು. ಒಂದು ಗುಟುಕು ನೀರಿನಲ್ಲಿ ನುಂಗಿ ಮಲಗಿದ, ಅದು ಅನ್ನನಾಳದಲ್ಲೇ ಸಿಕ್ಕಿಕೊಂಡು ಎರಡು ದಿನ ಎಂಜಲು ನುಂಗಲೂ ಉರಿ. ಊಟದ ಜೊತೆ, ದೊಡ್ಡ ಲೋಟ ನೀರಿನಲ್ಲಿ, ನೆಟ್ಟಗೆ ಕೂತು ನುಂಗಬೇಕಾದ ಮಾತ್ರೆ ಅದು. ನನ್ನ ಐರನ್ನಿನ ಜೊತೆಗಂತೂ ಅದಕ್ಕೆ ಆಗಿಬರುವುದಿಲ್ಲ.

ದಿನ ಬಿಟ್ಟು ದಿನದ ಲೆಕ್ಕ ತಪ್ಪಬಾರದೆಂದು ಬೆಸ ತಾರೀಖಿಗೆ ಮಾತ್ರೆ ಎಂದು ಇಟ್ಟುಕೊಂಡಿದ್ದೇನೆ. ತಿಂಗಳಿಗೆ 31 ಇದ್ದರೆ ಮರುದಿನ 1, ಎರಡೂ ಬೆಸ, ಆಗ 31ನ್ನು ಬಿಡುತ್ತೇನೆ. ಆಫೀಸಿನಲ್ಲಿ ಚಾ ತರುವ ಹುಡುಗನಿಗೂ ಈಗ ಇದು ಬಾಯಿಪಾಠ. 31ಕ್ಕೆ ಹನ್ನೊಂದು ಗಂಟೆಗೆ ಬಾಗಿಲಲ್ಲೇ ನಿಂತು, “ಅಕ್ಕಾ, ಇವತ್ತು ಚಾ ಉಂಟು ಅಲ್ವಾ?” ಎನ್ನುತ್ತಾನೆ.